ಸಾಗಣೆಯ ಲೆಕ್ಕಕ್ಕೆ ಹೊಸ ಮಿತಿ ಬಂದಾಗ: ಡ್ಯುಯಲ್ ಸಿಂಪ್ಲೆಕ್ಸ್ ವಿಧಾನ

ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗವು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳಿಂದ ಕೂಡಿದ್ದು, ಸಾಗಣೆಯ ಲೆಕ್ಕ ಹಾಕುವವರ ಕಣ್ಣಿಗೆ ಈ ನಾಲ್ಕೂ ಒಂದೇ ಬಗೆಯವಲ್ಲ. ಶಿರಾ ರಾಷ್ಟ್ರೀಯ ಹೆದ್ದಾರಿಯ ಮೇಲಿದೆ. ಕೊರಟಗೆರೆ ತುಮಕೂರಿಗೆ ಹತ್ತಿರದಲ್ಲಿದೆ. ಮಧುಗಿರಿಗೆ ಪಶ್ಚಿಮದಿಂದಲೂ ಪೂರ್ವದಿಂದಲೂ ದಾರಿಗಳಿವೆ. ಪಾವಗಡವಾದರೋ ಬಹುಪಾಲು ಆಂಧ್ರಪ್ರದೇಶದ ನೆಲದಿಂದ ಸುತ್ತುವರಿದು, ಜಿಲ್ಲೆಯ ಉಳಿದ ಭಾಗದಿಂದ ಬೇರ್ಪಟ್ಟಂತೆ ದೂರದಲ್ಲಿದೆ. ಅಲ್ಲಿನ ಹಳ್ಳಿಯೊಂದರ ಪಡಿತರ ಚೀಟಿದಾರರಿಗೆ ತಿಂಗಳ ರಾಗಿ ತಲುಪಬೇಕಾದರೆ ಅದು ಮೊದಲು ತಾಲ್ಲೂಕಿನ ಸಗಟು ಗೋದಾಮಿಗೆ ಬರಬೇಕು. ಆ ಗೋದಾಮಿಗೆ ಯಾವ ಕಡೆಯಿಂದ ಎಷ್ಟು ಟನ್ ತರಿಸಿದರೆ ಒಟ್ಟು ಬಾಡಿಗೆ ಕಡಿಮೆಯಾಗುತ್ತದೆ ಎಂಬುದು ಗಣಿತದಲ್ಲಿ ‘ಸಾಗಣೆ ಸಮಸ್ಯೆ’ ಎಂದು ಹೆಸರಾದ ಪ್ರಶ್ನೆ.

ಈ ಪ್ರಶ್ನೆಯನ್ನು ಎಫ್. ಎಲ್. ಹಿಚ್‌ಕಾಕ್ 1941ರಲ್ಲಿ ಸ್ಪಷ್ಟ ರೂಪದಲ್ಲಿ ಮುಂದಿಟ್ಟರು. ಸೋವಿಯತ್ ಗಣಿತಜ್ಞ ಕಾಂಟೊರೊವಿಚ್ ಇದರ ನೆರೆಯ ಪ್ರಶ್ನೆಗಳನ್ನು 1939ರಲ್ಲೇ ಕೈಗೆತ್ತಿಕೊಂಡಿದ್ದರು. ಜಾರ್ಜ್ ಡಾಂಟ್‌ಜಿಗ್ 1947ರಲ್ಲಿ ರೂಪಿಸಿದ ಸಿಂಪ್ಲೆಕ್ಸ್ ವಿಧಾನ ಇಂಥ ಎಲ್ಲ ಲೆಕ್ಕಗಳಿಗೂ ಸಾಮಾನ್ಯ ಸಾಧನವಾಯಿತು. ಗೊತ್ತುಪಡಿಸಬೇಕಾದ ಪ್ರಮಾಣಗಳನ್ನು ಚರಗಳೆಂದೂ, ಅವು ಮೀರಬಾರದ ಎಲ್ಲೆಗಳನ್ನು ನಿರ್ಬಂಧಗಳೆಂದೂ ಕರೆದು, ವೆಚ್ಚವೂ ನಿರ್ಬಂಧಗಳೂ ಚರಗಳನ್ನು ಸ್ಥಿರ ಸಂಖ್ಯೆಗಳಿಂದ ಗುಣಿಸಿ ಕೂಡಿ-ಕಳೆಯುವುದರಿಂದಲೇ ಬರುವ ಲೆಕ್ಕಕ್ಕೆ ರೇಖೀಯ ಪ್ರೋಗ್ರಾಮಿಂಗ್ ಎಂದು ಹೆಸರು. ಪಡಿತರ ಸಾಗಣೆಯಲ್ಲಿ ಇದು ಪುಸ್ತಕದ ಮಾತಾಗಿ ಉಳಿದಿಲ್ಲ. ಕೇಂದ್ರ ಆಹಾರ ಇಲಾಖೆಯು ವಿಶ್ವ ಆಹಾರ ಕಾರ್ಯಕ್ರಮ ಮತ್ತು ದೆಹಲಿಯ ಐಐಟಿಯ ನೆರವಿನಿಂದ ಸಿದ್ಧಪಡಿಸಿ 2024ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿದ ‘ಅನ್ನ ಚಕ್ರ’ ವ್ಯವಸ್ಥೆಯ ಕೆಲಸವೂ ಗೋದಾಮುಗಳ ನಡುವಿನ ಸಾಗಣೆ ದಾರಿಗಳನ್ನು ಲೆಕ್ಕದಿಂದ ಆರಿಸುವುದೇ ಆಗಿದೆ.

ಆದರೆ ಒಮ್ಮೆ ಲೆಕ್ಕ ಮುಗಿಸಿ ಅತಿ ಕಡಿಮೆ ವೆಚ್ಚದ ಪಟ್ಟಿ ಕೈಗೆ ಬಂದ ಮೇಲೆ ಹೊಸದೊಂದು ಮಿತಿ ಬಂದೆರಗಿದರೆ ಏನು ಮಾಡಬೇಕು ಎಂಬುದು ಬೇರೆಯೇ ಪ್ರಶ್ನೆ. ಸೇತುವೆ ದುರಸ್ತಿಗೆ ಬರುತ್ತದೆ, ಲಾರಿಗಳ ಸಂಖ್ಯೆ ಕುಗ್ಗುತ್ತದೆ, ರಸ್ತೆಯಲ್ಲಿ ಭಾರಿ ವಾಹನಗಳಿಗೆ ಹೊತ್ತಿನ ನಿರ್ಬಂಧ ಬೀಳುತ್ತದೆ. ಆಗ ಹಳೆಯ ಪಟ್ಟಿ ಅಗ್ಗವಾಗಿಯೇನೋ ಇರುತ್ತದೆ, ಆದರೆ ಅದರಂತೆ ನಡೆಯಲು ಆಗುವುದಿಲ್ಲ. ಪಟ್ಟಿಯನ್ನು ಹರಿದುಹಾಕಿ ಮೊದಲಿನಿಂದ ಲೆಕ್ಕ ಮಾಡುವುದು ಒಂದು ದಾರಿ. ಕೈಗೆ ತೋಚಿದಂತೆ ಅಲ್ಲಿಷ್ಟು ಇಲ್ಲಿಷ್ಟು ಕಡಿತ ಮಾಡುವುದು ಕಚೇರಿಗಳಲ್ಲಿ ಬಳಕೆಯಲ್ಲಿರುವ ಇನ್ನೊಂದು ದಾರಿ. ಇವೆರಡೂ ಅಲ್ಲದ ಮೂರನೆಯ ದಾರಿಯೇ ಡ್ಯುಯಲ್ ಸಿಂಪ್ಲೆಕ್ಸ್ ವಿಧಾನ. ಅಮೆರಿಕದ ಸಿ. ಇ. ಲೆಮ್ಕೆ ಮತ್ತು ಇಂಗ್ಲೆಂಡಿನ ಇ. ಎಂ. ಎಲ್. ಬೀಲ್ ಇದನ್ನು 1954ರಲ್ಲಿ ಬೇರೆಬೇರೆಯಾಗಿ ಪ್ರಕಟಿಸಿದರು. ಹಳೆಯ ಪಟ್ಟಿಯಲ್ಲಿ ಕೆಟ್ಟಿರುವುದು ಯಾವುದು, ಕೆಡದೆ ಉಳಿದಿರುವುದು ಯಾವುದು ಎಂದು ಬಿಡಿಸಿ ನೋಡಿ, ಉಳಿದಿರುವುದನ್ನು ಕಾಯ್ದುಕೊಂಡೇ ಕೆಟ್ಟಿರುವುದನ್ನು ಸರಿಪಡಿಸುವುದು ಈ ವಿಧಾನದ ತಿರುಳು.

ವಿಷಯ ಕಣ್ಣಿಗೆ ಕಟ್ಟಬೇಕಾದರೆ ಒಂದು ಲೆಕ್ಕವನ್ನು ಕೊನೆಯವರೆಗೆ ನಡೆಸಿಯೇ ನೋಡಬೇಕು. ಕೆಳಗಿನ ಉದಾಹರಣೆಯಲ್ಲಿ ಊರುಗಳು ನಿಜವಾದವು. ದರ ಮತ್ತು ಪ್ರಮಾಣಗಳು ಮಾತ್ರ ಲೆಕ್ಕಕ್ಕೆಂದು ಕಲ್ಪಿಸಿಕೊಂಡವು. ರೈಲು ನಿಲ್ದಾಣಗಳುಳ್ಳ ತುಮಕೂರು ಮತ್ತು ಗೌರಿಬಿದನೂರು ಎಂಬ ಎರಡು ಕಡೆಗಳಲ್ಲಿ ರಾಗಿ ದಾಸ್ತಾನಿದೆ ಎಂದಿಟ್ಟುಕೊಳ್ಳೋಣ. ತುಮಕೂರಿನಲ್ಲಿ ಹೆಚ್ಚೆಂದರೆ 640 ಟನ್, ಗೌರಿಬಿದನೂರಿನಲ್ಲಿ ಹೆಚ್ಚೆಂದರೆ 600 ಟನ್ ಎತ್ತುವಳಿಗೆ ಸಿಗುತ್ತದೆ. ಕೊರಟಗೆರೆಗೆ 200, ಶಿರಾಕ್ಕೆ 350, ಮಧುಗಿರಿಗೆ 300, ಪಾವಗಡಕ್ಕೆ 250, ಹೀಗೆ ಒಟ್ಟು 1,100 ಟನ್ ಬೇಕು. ಒಂದು ಟನ್ನಿಗೆ ತಗಲುವ ಬಾಡಿಗೆ ರೂಪಾಯಿಗಳಲ್ಲಿ ಹೀಗಿದೆ:

| ಎಲ್ಲಿಂದ | ಕೊರಟಗೆರೆ | ಶಿರಾ | ಮಧುಗಿರಿ | ಪಾವಗಡ |
|---|---|---|---|---|
| ತುಮಕೂರು | 300 | 500 | 450 | 950 |
| ಗೌರಿಬಿದನೂರು | 400 | 750 | 380 | 700 |

ಎಂಟು ದಾರಿಗಳಿಗೆ ಎಂಟು ಚರಗಳು. ಹೊರಡುವ ಊರಿನ ಮೊದಲ ಅಕ್ಷರವನ್ನೂ ಸೇರುವ ಊರಿನ ಮೊದಲ ಅಕ್ಷರವನ್ನೂ ಜೋಡಿಸಿ ಅವುಗಳನ್ನು ಗುರುತಿಸಬಹುದು: ತುಮಕೂರಿನಿಂದ ಮಧುಗಿರಿಗೆ ಹೋಗುವ ಟನ್ನುಗಳು ‘ತುಮ’, ಗೌರಿಬಿದನೂರಿನಿಂದ ಕೊರಟಗೆರೆಗೆ ಹೋಗುವವು ‘ಗೌಕೊ’, ಹೀಗೆ. ತುಮಕೂರಿನಲ್ಲಿ ಎತ್ತದೆ ಉಳಿಯುವ ದಾಸ್ತಾನಿಗೆ ‘ತ’, ಗೌರಿಬಿದನೂರಿನಲ್ಲಿ ಉಳಿಯುವುದಕ್ಕೆ ‘ಗ’ ಎಂದು ಹೆಸರಿಡೋಣ. ಮಿತಿಯೊಳಗೆ ಇನ್ನೂ ಎಷ್ಟು ಜಾಗವಿದೆ ಎಂದು ತಿಳಿಸುವ ಇಂಥ ಚರಕ್ಕೆ ಸಡಿಲ ಚರ ಎನ್ನುತ್ತಾರೆ. ಅದು ಸೊನ್ನೆಯಾದರೆ ಮಿತಿ ಬಿಗಿಯಾಗಿದೆ ಎಂದೂ, ಋಣವಾದರೆ ಮಿತಿ ಮೀರಿದೆ ಎಂದೂ ಅರ್ಥ.

ಎರಡೂ ಕಡೆ ದಾಸ್ತಾನು ಸಾಕಷ್ಟಿರುವುದರಿಂದ ಪ್ರತಿ ತಾಲ್ಲೂಕಿಗೂ ಅಗ್ಗದ ಕಡೆಯಿಂದಲೇ ರಾಗಿ ಹೋಗುತ್ತದೆ: ಕೊರಟಗೆರೆಗೂ ಶಿರಾಕ್ಕೂ ತುಮಕೂರಿನಿಂದ, ಮಧುಗಿರಿಗೂ ಪಾವಗಡಕ್ಕೂ ಗೌರಿಬಿದನೂರಿನಿಂದ. ವೆಚ್ಚ ₹5,24,000. ಈ ಪರಿಹಾರವನ್ನು ಬರೀ ಅಂಕಿಗಳಾಗಿ ಬರೆದಿಟ್ಟರೆ ಮುಂದಿನ ಕೆಲಸಕ್ಕೆ ಸಾಲದು; ಬಳಕೆಯಲ್ಲಿರುವ ಚರಗಳನ್ನು ಬಳಕೆಯಲ್ಲಿಲ್ಲದ ಚರಗಳ ಮೂಲಕ ಹೇಳುವ ಸಮೀಕರಣಗಳಾಗಿ ಬರೆಯಬೇಕು. ಸಮೀಕರಣದ ಎಡಗಡೆ ಒಂಟಿಯಾಗಿ ನಿಲ್ಲುವವು ಆಧಾರ ಚರಗಳು. ಬಲಗಡೆ ಇದ್ದು ಸದ್ಯಕ್ಕೆ ಸೊನ್ನೆಯಾಗಿರುವವು ಆಧಾರೇತರ ಚರಗಳು.

ತುಕೊ = 200 − ಗೌಕೊ
ತುಶಿ = 350 − ಗೌಶಿ
ಗೌಮ = 300 − ತುಮ
ಗೌಪಾ = 250 − ತುಪಾ
ತ = 90 + ಗೌಕೊ + ಗೌಶಿ − ತುಮ − ತುಪಾ
ಗ = 50 − ಗೌಕೊ − ಗೌಶಿ + ತುಮ + ತುಪಾ
ವೆಚ್ಚ = 5,24,000 + 100 ಗೌಕೊ + 250 ಗೌಶಿ + 70 ತುಮ + 250 ತುಪಾ

ಈ ಏಳು ಸಾಲುಗಳಲ್ಲಿ ಎರಡು ಬೇರೆಬೇರೆ ಸಂಗತಿಗಳು ಅಡಗಿವೆ. ಮೊದಲ ಆರು ಸಾಲುಗಳ ಸ್ಥಿರಾಂಕಗಳಾದ 200, 350, 300, 250, 90, 50 ಯಾವುವೂ ಋಣವಲ್ಲ. ಆದ್ದರಿಂದ ಪಟ್ಟಿಯಂತೆ ನಡೆಯಲು ಸಾಧ್ಯ. ಇದು ಸಾಧ್ಯತೆಯ ಪರೀಕ್ಷೆ. ಕೊನೆಯ ಸಾಲಿನ ಗುಣಕಗಳಾದ 100, 250, 70, 250 ಕೂಡ ಋಣವಲ್ಲ. ಎಂದರೆ ಬಳಸದೆ ಬಿಟ್ಟಿರುವ ಯಾವ ದಾರಿಯಲ್ಲಿ ಒಂದು ಟನ್ ಕಳಿಸಿದರೂ ವೆಚ್ಚ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ತುಮಕೂರಿನಿಂದ ಮಧುಗಿರಿಗೆ ಒಂದು ಟನ್ ಕಳಿಸಿದರೆ ಗೌರಿಬಿದನೂರಿನ ಒಂದು ಟನ್ ತಪ್ಪಿ, 450ರಿಂದ 380 ಕಳೆದ 70 ರೂಪಾಯಿ ಹೆಚ್ಚು ಬೀಳುತ್ತದೆ. ಇದು ವೆಚ್ಚದ ಪರೀಕ್ಷೆ. ಪ್ರತಿಯೊಂದು ರೇಖೀಯ ಪ್ರೋಗ್ರಾಮಿಗೂ ಅದರ ಬೆಲೆಗಳ ಲೆಕ್ಕವೆನ್ನಬಹುದಾದ ಒಂದು ಜೋಡಿ ಪ್ರೋಗ್ರಾಮು ಇರುತ್ತದೆ. ಅದನ್ನು ಡ್ಯುಯಲ್ ಎನ್ನುತ್ತಾರೆ. ಮೂಲ ಲೆಕ್ಕದಲ್ಲಿ ವೆಚ್ಚದ ಪರೀಕ್ಷೆಯೆನಿಸುವುದೇ ಡ್ಯುಯಲ್ ಲೆಕ್ಕದಲ್ಲಿ ಸಾಧ್ಯತೆಯ ಪರೀಕ್ಷೆ ಎನಿಸುತ್ತದೆ, ವಿಧಾನಕ್ಕೆ ಆ ಹೆಸರು ಬಂದದ್ದೂ ಅದರಿಂದಲೇ. ಸಾಮಾನ್ಯ ಸಿಂಪ್ಲೆಕ್ಸ್ ವಿಧಾನವು ಸಾಧ್ಯತೆಯನ್ನು ಎಲ್ಲೂ ಬಿಟ್ಟುಕೊಡದೆ ವೆಚ್ಚದ ಪರೀಕ್ಷೆಯತ್ತ ನಡೆಯುತ್ತದೆ. ಡ್ಯುಯಲ್ ವಿಧಾನವು ವೆಚ್ಚದ ಪರೀಕ್ಷೆಯನ್ನು ಬಿಟ್ಟುಕೊಡದೆ ಸಾಧ್ಯತೆಯತ್ತ ನಡೆಯುತ್ತದೆ.

ಈಗ ಹೊಸ ಮಿತಿ ಬರುತ್ತದೆ. ಗೌರಿಬಿದನೂರಿನಿಂದ ಮಧುಗಿರಿಗೆ ಬರುವ ರಸ್ತೆಯಲ್ಲಿ ಈ ತಿಂಗಳು 400 ಟನ್ನಿಗಿಂತ ಹೆಚ್ಚು ಸಾಗಿಸುವಂತಿಲ್ಲ ಎಂದು ಗೊತ್ತಾಯಿತೆನ್ನೋಣ. ಈ ರಸ್ತೆಯನ್ನು ಮಧುಗಿರಿಯ ಲಾರಿಗಳಷ್ಟೇ ಬಳಸುವುದಿಲ್ಲ. ಉದಾಹರಣೆಯಲ್ಲಿ ಶಿರಾಕ್ಕೂ ಪಾವಗಡಕ್ಕೂ ಹೋಗುವ ಗೌರಿಬಿದನೂರಿನ ಲಾರಿಗಳು ಇದರ ಮೇಲೆಯೇ ಬರುತ್ತವೆ. ಕೊರಟಗೆರೆಗೆ ಬೇರೆ ದಾರಿಯಿದೆ. ಹಿಂದೂಪುರದ ಕಡೆಯಿಂದ ಪಾವಗಡ ಸೇರುವ ದಾರಿಯನ್ನು ಸದ್ಯಕ್ಕೆ ಲೆಕ್ಕದಿಂದ ಹೊರಗಿಡಲಾಗಿದೆ. ರಸ್ತೆಯ ಸಡಿಲ ಚರವನ್ನು ‘ರ’ ಎಂದು ಕರೆದರೆ ಹೊಸ ನಿರ್ಬಂಧ ಹೀಗೆ ನಿಲ್ಲುತ್ತದೆ:

ಗೌಮ + ಗೌಪಾ + ಗೌಶಿ + ರ = 400

ಲೆಕ್ಕ ಕಲಿಯುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಈ ಸಾಲನ್ನು ಹಾಗೆಯೇ ಹಳೆಯ ಪಟ್ಟಿಯ ಕೆಳಗೆ ಅಂಟಿಸಿ, ಬಲಗಡೆಯ 400 ಧನ ಸಂಖ್ಯೆಯೆಂದು ನೋಡಿ, ಏನೂ ಕೆಟ್ಟಿಲ್ಲ ಎಂದು ತೀರ್ಮಾನಿಸಿಬಿಡುತ್ತಾರೆ. ಆದರೆ ಗೌಮ, ಗೌಪಾ ಎರಡೂ ಆಧಾರ ಚರಗಳು. ಅವು ಈಗಾಗಲೇ ಬೇರೆ ಸಾಲುಗಳಲ್ಲಿ ತಮ್ಮ ಬೆಲೆ ಪಡೆದಿವೆ. ಅವುಗಳ ಜಾಗದಲ್ಲಿ ಹಳೆಯ ಸಾಲುಗಳನ್ನು ಹಾಕಿದ ಮೇಲಷ್ಟೇ ಹೊಸ ಸಾಲಿನ ನಿಜಸ್ಥಿತಿ ಹೊರಬೀಳುತ್ತದೆ:

ರ = −150 + ತುಮ + ತುಪಾ − ಗೌಶಿ

ಹಳೆಯ ಪಟ್ಟಿ ಆ ರಸ್ತೆಯಲ್ಲಿ 550 ಟನ್ ಸಾಗಿಸುತ್ತಿತ್ತು, ಮಿತಿ 400, ಮೀರಿರುವುದು 150. ಹೊಸ ಸಾಲು ಸೇರಿದ್ದರಿಂದ ಸಾಧ್ಯತೆ ಕೆಟ್ಟಿತು, ನಿಜ. ಆದರೆ ವೆಚ್ಚದ ಸಾಲಿನಲ್ಲಿ ಒಂದು ಅಕ್ಷರವೂ ಬದಲಾಗಲಿಲ್ಲ ಎಂಬುದನ್ನು ಗಮನಿಸಬೇಕು. ‘ರ’ ಎಂಬ ಹೊಸ ಚರ ತಾನೇ ಆಧಾರಕ್ಕೆ ಬಂದು ಕೂತದ್ದರಿಂದ, ಅದಕ್ಕೆ ತನ್ನದೇ ಆದ ವೆಚ್ಚವೂ ಇಲ್ಲದ್ದರಿಂದ, ಆ ನಾಲ್ಕು ಗುಣಕಗಳು ಹಾಗೆಯೇ ಉಳಿದಿವೆ. ಡ್ಯುಯಲ್ ಸಿಂಪ್ಲೆಕ್ಸ್ ಹೊರಡಲು ಬೇಕಾದದ್ದು ಇದೇ ಸ್ಥಿತಿ.

ಮೊದಲ ಹೆಜ್ಜೆಯಲ್ಲಿ ಆಧಾರದಿಂದ ಹೊರಗೆ ಹೋಗಬೇಕಾದ ಚರವನ್ನು ಆರಿಸಬೇಕು. ಋಣವಾಗಿರುವುದು ‘ರ’ ಒಂದೇ ಆದ್ದರಿಂದ ಆಯ್ಕೆಯ ಮಾತೇ ಇಲ್ಲ. ಅದರ ಜಾಗಕ್ಕೆ ಬರುವ ಚರ ಯಾವುದು? ‘ರ’ ಸಾಲಿನಲ್ಲಿ ಧನ ಗುಣಕವಿರುವ ಚರವನ್ನು ಹೆಚ್ಚಿಸಿದರೆ ಮಾತ್ರ −150 ಮೇಲಕ್ಕೇರುತ್ತದೆ. ಗೌಶಿಯ ಗುಣಕ ಋಣವಾದ್ದರಿಂದ ಅದನ್ನು ಬಳಸಿದರೆ ಮೀರಿದ್ದು ಇನ್ನೂ ಮೀರುತ್ತದೆ. ಅದು ಆಯ್ಕೆಯಿಂದಲೇ ಹೊರಗೆ. ಗೌಕೊ ಆ ಸಾಲಿನಲ್ಲಿ ಇಲ್ಲವೇ ಇಲ್ಲ. ಉಳಿದವು ತುಮ ಮತ್ತು ತುಪಾ. ಇವೆರಡರ ಪೈಕಿ ವೆಚ್ಚದ ಗುಣಕವನ್ನು ಸಾಲಿನ ಗುಣಕದಿಂದ ಭಾಗಿಸಿ ಯಾವುದರ ಅನುಪಾತ ಕಡಿಮೆಯೋ ಅದನ್ನು ಆರಿಸಬೇಕು: ತುಮಕ್ಕೆ 70, ತುಪಾಕ್ಕೆ 250. ಒಳಗೆ ಬರುವುದು ತುಮ.

ಕಡಿಮೆ ಅನುಪಾತವನ್ನೇ ಏಕೆ ಆರಿಸಬೇಕೆಂಬುದಕ್ಕೆ ಅಗ್ಗವೆಂಬುದಷ್ಟೇ ಕಾರಣವಲ್ಲ. ತುಪಾವನ್ನು ಆರಿಸಿದ್ದರೆ ವೆಚ್ಚದ ಸಾಲಿನಲ್ಲಿ ತುಮದ ಗುಣಕ 70ರಿಂದ 250 ಕಳೆದು −180 ಆಗುತ್ತಿತ್ತು. ಎಂದರೆ ಕಾಯ್ದುಕೊಳ್ಳಬೇಕಾಗಿದ್ದ ಒಂದೇ ಒಂದು ಗುಣವೂ ಕೈತಪ್ಪಿ, ಸಾಧ್ಯವೂ ಅಲ್ಲದ ಅಗ್ಗವೂ ಅಲ್ಲದ ಪಟ್ಟಿಯೊಂದು ಉಳಿಯುತ್ತಿತ್ತು. ಕೈಲೆಕ್ಕ ಮಾಡುವವರಿಗೆ ಇದೇ ಎಚ್ಚರಿಕೆಯ ಗುರುತು: ಯಾವ ಹೆಜ್ಜೆಯಲ್ಲಾದರೂ ವೆಚ್ಚದ ಸಾಲಿನಲ್ಲಿ ಋಣ ಗುಣಕ ಕಂಡಿತೆಂದರೆ ಹಿಂದಿನ ಹೆಜ್ಜೆಯ ಅನುಪಾತ ಪರೀಕ್ಷೆ ತಪ್ಪಿದೆ.

‘ರ’ ಸಾಲನ್ನು ತುಮಕ್ಕಾಗಿ ಬಿಡಿಸಿಕೊಂಡು, ತುಮ ಕಾಣುವ ಕಡೆಗಳಲ್ಲೆಲ್ಲ ಅದನ್ನು ಹಾಕಿದಾಗ ಬದಲಾಗುವ ಸಾಲುಗಳು ಇವು:

ತುಮ = 150 + ರ − ತುಪಾ + ಗೌಶಿ
ಗೌಮ = 150 − ರ + ತುಪಾ − ಗೌಶಿ
ತ = −60 − ರ + ಗೌಕೊ
ಗ = 200 + ರ − ಗೌಕೊ
ವೆಚ್ಚ = 5,34,500 + 70 ರ + 100 ಗೌಕೊ + 180 ತುಪಾ + 320 ಗೌಶಿ

ರಸ್ತೆಯ ಮಿತಿ ಈಡೇರಿತು. ಮಧುಗಿರಿಯ 300 ಟನ್ನಿನಲ್ಲಿ ಅರ್ಧ ಈಗ ತುಮಕೂರಿನಿಂದ ಬರುತ್ತದೆ. ಆದರೆ ತುಮಕೂರಿನಲ್ಲಿ ಮಿಕ್ಕಿದ್ದು 90 ಟನ್ ಮಾತ್ರ, ಕೇಳಿರುವುದು 150, ಆದ್ದರಿಂದ ‘ತ’ −60 ಆಗಿ ಬೇರೊಂದು ಮಿತಿ ಮುರಿದಿದೆ. ಡ್ಯುಯಲ್ ಸಿಂಪ್ಲೆಕ್ಸ್‌ನಲ್ಲಿ ಇದು ತಪ್ಪಲ್ಲ, ನಿರೀಕ್ಷಿತವೇ. ಒಂದು ಮಿತಿಯನ್ನು ಸರಿಪಡಿಸಲು ಹೋಗಿ ಇನ್ನೊಂದು ಮುರಿಯಬಹುದು, ಮೊದಲು ಸರಿಯಾಗಿದ್ದದ್ದು ಮತ್ತೆ ಮುರಿಯಲೂಬಹುದು. ಮುನ್ನಡೆಯನ್ನು ಅಳೆಯುವುದು ಮುರಿದ ಮಿತಿಗಳ ಎಣಿಕೆಯಿಂದ ಅಲ್ಲ, ಏರುತ್ತಿರುವ ವೆಚ್ಚದಿಂದ. ಸಾಮಾನ್ಯ ಸಿಂಪ್ಲೆಕ್ಸ್‌ನಲ್ಲಿ ವೆಚ್ಚ ಮೇಲಿನಿಂದ ಇಳಿಯುತ್ತ ಬರುತ್ತದೆ. ಇಲ್ಲಿ ಕೆಳಗಿನಿಂದ ಏರುತ್ತ ಬರುತ್ತದೆ. ವೆಚ್ಚದ ಸಾಲಿನ ಗುಣಕಗಳೆಲ್ಲ ಧನವಾಗಿರುವವರೆಗೆ, ಹೊಸ ಮಿತಿಯನ್ನು ಪಾಲಿಸುವ ಯಾವ ಪಟ್ಟಿಯ ವೆಚ್ಚವೂ ಆ ಹೊತ್ತಿನ ಸ್ಥಿರಾಂಕಕ್ಕಿಂತ ಕಡಿಮೆಯಾಗಲಾರದು. ಹೀಗಾಗಿ ಲೆಕ್ಕ ಅರ್ಧದಲ್ಲಿ ನಿಂತರೂ ಅದರಿಂದ ಒಂದು ಉಪಯೋಗವಿದೆ: ಈ ತಿಂಗಳು ₹5,34,500ಕ್ಕಿಂತ ಕಡಿಮೆಯಲ್ಲಿ ಸಾಗಣೆ ಮುಗಿಯುವುದಿಲ್ಲ ಎಂದು ಮೊದಲ ಹೆಜ್ಜೆಯಲ್ಲೇ ಖಚಿತವಾಗಿ ಹೇಳಬಹುದು.

ಎರಡನೆಯ ಹೆಜ್ಜೆಯಲ್ಲಿ ಹೊರಗೆ ಹೋಗಬೇಕಾದದ್ದು ‘ತ’. ಅದರ ಸಾಲಿನಲ್ಲಿ ಧನ ಗುಣಕವಿರುವುದು ಗೌಕೊ ಒಂದಕ್ಕೇ. ‘ರ’ ಋಣ ಗುಣಕದ್ದು. ಗೌಕೊ ಒಳಗೆ ಬರುತ್ತದೆ:

ಗೌಕೊ = 60 + ರ + ತ
ತುಕೊ = 140 − ರ − ತ
ಗ = 140 − ತ
ವೆಚ್ಚ = 5,40,500 + 170 ರ + 100 ತ + 180 ತುಪಾ + 320 ಗೌಶಿ

ಈಗ ಯಾವ ಸಾಲಿನಲ್ಲೂ ಋಣ ಸ್ಥಿರಾಂಕವಿಲ್ಲ, ವೆಚ್ಚದ ಸಾಲಿನಲ್ಲಿ ಋಣ ಗುಣಕವೂ ಇಲ್ಲ. ಎರಡು ಪರೀಕ್ಷೆಗಳಲ್ಲೂ ಪಾಸಾದ ಈ ಪಟ್ಟಿಯಂತೆ ತುಮಕೂರಿನಿಂದ ಕೊರಟಗೆರೆಗೆ 140, ಶಿರಾಕ್ಕೆ 350, ಮಧುಗಿರಿಗೆ 150 ಟನ್. ಗೌರಿಬಿದನೂರಿನಿಂದ ಕೊರಟಗೆರೆಗೆ 60, ಮಧುಗಿರಿಗೆ 150, ಪಾವಗಡಕ್ಕೆ 250 ಟನ್ ಹೋಗುತ್ತದೆ. ತುಮಕೂರಿನ ದಾಸ್ತಾನು ಪೂರ್ತಿ ಮುಗಿಯುತ್ತದೆ, ರಸ್ತೆಯ ಮಿತಿ ಸರಿಯಾಗಿ 400ಕ್ಕೆ ಮುಟ್ಟುತ್ತದೆ, ಹೆಚ್ಚಿನ ವೆಚ್ಚ ₹16,500. ಲೆಕ್ಕ ಸರಿಯೋ ಎಂದು ತಿಳಿಯಲು ಆರು ಪ್ರಮಾಣಗಳನ್ನು ಆಯಾ ಬಾಡಿಗೆಯಿಂದ ಗುಣಿಸಿ ಕೂಡಿದರೆ ಸಾಕು: 42,000, 1,75,000, 67,500, 24,000, 57,000, 1,75,000 ಕೂಡಿ 5,40,500ಕ್ಕೆ ತಾಳೆಯಾಗುತ್ತದೆ.

ಈ ಫಲಿತಾಂಶದಲ್ಲಿ ಅಂದಾಜಿನಿಂದ ಕೆಲಸ ಮಾಡುವವರಿಗೆ ಹೊಳೆಯದ ಎರಡು ಸಂಗತಿಗಳಿವೆ. ರಸ್ತೆ ಬಿಗಿಯಾದಾಗ ದೂರದ ಪಾವಗಡದ ಲಾರಿಗಳನ್ನೇ ಮೊದಲು ತಡೆಯೋಣ ಎನ್ನಿಸುವುದು ಸಹಜ. ಅಥವಾ ಮಧುಗಿರಿಗೂ ಪಾವಗಡಕ್ಕೂ ಸಮಪಾಲಿನಲ್ಲಿ ಕಡಿತ ಹಂಚೋಣ ಎನ್ನಿಸಬಹುದು. ಲೆಕ್ಕವು ಪಾವಗಡದ ಒಂದು ಚೀಲವನ್ನೂ ಮುಟ್ಟಲಿಲ್ಲ. ಎರಡನೆಯದಾಗಿ, ಆ ರಸ್ತೆಗೆ ಯಾವ ಸಂಬಂಧವೂ ಇಲ್ಲದ ಕೊರಟಗೆರೆಗೆ ರಾಗಿ ಬರುವ ದಿಕ್ಕು ಬದಲಾಯಿತು. ಮಧುಗಿರಿಯ ಕೊರತೆಯನ್ನು ತುಮಕೂರು ತುಂಬಿತು, ತುಮಕೂರು ಬಿಟ್ಟುಕೊಟ್ಟದ್ದನ್ನು ಕೊರಟಗೆರೆಯಲ್ಲಿ ಗೌರಿಬಿದನೂರು ತುಂಬಿತು. ತಾಲ್ಲೂಕುವಾರು ಕುಳಿತು ಸರಿಪಡಿಸುವ ಅಧಿಕಾರಿಗೆ ಈ ಎರಡು ತಿರುವಿನ ದಾರಿ ಕಾಣುವುದು ಕಷ್ಟ, ಏಕೆಂದರೆ ಕೊರಟಗೆರೆಯ ಕಡತದಲ್ಲಿ ದೂರು ಏನೂ ಇರುವುದಿಲ್ಲ.

ಕೊನೆಯ ವೆಚ್ಚದ ಸಾಲಿನಲ್ಲಿರುವ 170 ಎಂಬ ಸಂಖ್ಯೆಗೆ ನೆರಳು ಬೆಲೆ ಎಂದು ಹೆಸರು. ರಸ್ತೆಯ ಮಿತಿಯನ್ನು ಒಂದು ಟನ್ ಸಡಿಲಿಸಿದರೆ ಉಳಿಯುವ ಹಣ ಅದು. ಅದರ ಹುಟ್ಟನ್ನು ಎರಡು ಹೆಜ್ಜೆಗಳಲ್ಲೂ ಗುರುತಿಸಬಹುದು. ಮಧುಗಿರಿಗೆ ತುಮಕೂರಿನಿಂದ ತಂದದ್ದಕ್ಕೆ 70 ರೂಪಾಯಿ. ಅದಕ್ಕಾಗಿ ಕೊರಟಗೆರೆಯಿಂದ ಕಿತ್ತುಕೊಂಡ ಟನ್ನನ್ನು ಗೌರಿಬಿದನೂರಿನಿಂದ ತುಂಬಿದ್ದಕ್ಕೆ 100 ರೂಪಾಯಿ. ಮೀರಿದ್ದ 150 ಟನ್ನಿನಲ್ಲಿ ಮೊದಲ 90 ಟನ್ನಿಗೆ ತುಮಕೂರಿನಲ್ಲಿ ದಾಸ್ತಾನು ಮಿಕ್ಕಿತ್ತು, ಆದ್ದರಿಂದ ಟನ್ನಿಗೆ 70ರಂತೆ ₹6,300. ಉಳಿದ 60 ಟನ್ನಿಗೆ 170ರಂತೆ ₹10,200. ಕೂಡಿದರೆ ಅದೇ ₹16,500. ಈ ಕಾರಣಕ್ಕೇ ನೆರಳು ಬೆಲೆಯನ್ನು ಎಲ್ಲ ಕಡೆಗೂ ಎಳೆದು ಅನ್ವಯಿಸಬಾರದು. ರಸ್ತೆಯ ಮಿತಿ 460ರಿಂದ 260 ಟನ್ನಿನವರೆಗೆ ಎಲ್ಲಿದ್ದರೂ ಬೆಲೆ 170. 460ರಿಂದ 550ರವರೆಗೆ 70. 550 ದಾಟಿದರೆ ಸೊನ್ನೆ. ರಸ್ತೆ ದುರಸ್ತಿಗೆ ಟನ್ನಿಗೆ 170ರಂತೆ ಉಳಿತಾಯವಿದೆ ಎಂದು 300 ಟನ್ನಿಗೆ ಗುಣಿಸಿ ಟಿಪ್ಪಣಿ ಬರೆಯುವವರು ಈ ಗಡಿಗಳನ್ನು ಮರೆತಿರುತ್ತಾರೆ.

260 ಟನ್ನಿಗಿಂತ ಕೆಳಗೆ ಹೋದರೆ ಆಗುವುದೇ ಬೇರೆ. ಮಿತಿಯನ್ನು 200 ಟನ್ನಿಗೆ ಇಳಿಸಿ ಇದೇ ಎರಡು ಹೆಜ್ಜೆಗಳನ್ನು ನಡೆಸಿದರೆ ಕೊರಟಗೆರೆಯ ಸಾಲು ಹೀಗೆ ಬರುತ್ತದೆ:

ತುಕೊ = −60 − ರ − ತ

ಸ್ಥಿರಾಂಕ ಋಣ, ಬಲಗಡೆ ಧನ ಗುಣಕವುಳ್ಳ ಚರ ಒಂದೂ ಇಲ್ಲ. ‘ರ’, ‘ತ’ ಎರಡೂ ಋಣವಾಗಲಾರವು. ಆದ್ದರಿಂದ ತುಕೊವನ್ನು ಸೊನ್ನೆಗೆ ಏರಿಸುವ ಉಪಾಯವೇ ಇಲ್ಲ. ಡ್ಯುಯಲ್ ಸಿಂಪ್ಲೆಕ್ಸ್ ಇಲ್ಲಿ ನಿಂತು, ಹೊಸ ಮಿತಿಯೊಡನೆ ಎಲ್ಲ ತಾಲ್ಲೂಕುಗಳ ಬೇಡಿಕೆ ಪೂರೈಸುವುದು ಅಸಾಧ್ಯವೆಂದು ಹೇಳುತ್ತದೆ. ಬರೀ ಅಸಾಧ್ಯವೆಂದಲ್ಲ, ಕಾರಣವನ್ನೂ ಅದೇ ಸಾಲು ಕೊಡುತ್ತದೆ: ತುಮಕೂರಿನ 640, ರಸ್ತೆಯ 200, ಗೌರಿಬಿದನೂರಿನಿಂದ ಕೊರಟಗೆರೆ ಕೊಳ್ಳಬಲ್ಲ 200 ಕೂಡಿದರೆ 1,040 ಟನ್, ಬೇಕಾದದ್ದು 1,100, ಕೊರತೆ ಆ 60. ಗೌರಿಬಿದನೂರಿನ ಗೋದಾಮಿನಲ್ಲಿ 200 ಟನ್ ಉಳಿದಿದ್ದರೂ ಅದು ಪ್ರಯೋಜನಕ್ಕೆ ಬರದು. ಮೇಲಧಿಕಾರಿಗೆ ಸಮಜಾಯಿಷಿ ಬರೆಯಬೇಕಾದವರಿಗೆ ಇದಕ್ಕಿಂತ ಚಿಕ್ಕದಾದ, ಇದಕ್ಕಿಂತ ಗಟ್ಟಿಯಾದ ಪುರಾವೆ ಸಿಗುವುದಿಲ್ಲ.

ವಿಧಾನದ ಮಿತಿಗಳ ಬಗ್ಗೆ ಎರಡು ಮಾತು ಅವಶ್ಯ. ವೆಚ್ಚದ ಸಾಲಿನಲ್ಲಿ ಯಾವುದಾದರೂ ಗುಣಕ ಸೊನ್ನೆಯಾಗಿದ್ದು, ಅನುಪಾತ ಪರೀಕ್ಷೆ ಅದನ್ನೇ ಆರಿಸಿದರೆ, ಹೆಜ್ಜೆ ಇಟ್ಟರೂ ವೆಚ್ಚ ಏರುವುದಿಲ್ಲ. ಇಂಥ ಹೆಜ್ಜೆಗಳು ಸಾಲಾಗಿ ಬಂದರೆ ಲೆಕ್ಕ ಸುತ್ತಿ ಸುತ್ತಿ ಮೊದಲಿನ ಪಟ್ಟಿಗೇ ಮರಳುವ ಅಪಾಯವಿದೆ. ಚರಗಳಿಗೆ ಮೊದಲೇ ಕ್ರಮಸಂಖ್ಯೆ ಕೊಟ್ಟು, ಹೊರಗೆ ಹೋಗುವುದನ್ನೂ ಒಳಗೆ ಬರುವುದನ್ನೂ ಆರಿಸುವಾಗ ಪೈಪೋಟಿ ಬಂದಲ್ಲೆಲ್ಲ ಚಿಕ್ಕ ಸಂಖ್ಯೆಯದನ್ನೇ ಹಿಡಿಯುವ ಬ್ಲಾಂಡ್ ನಿಯಮದಿಂದ ಇದನ್ನು ತಪ್ಪಿಸಬಹುದು. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಹೊಸ ಮಿತಿಯ ಜೊತೆಗೇ ಡೀಸೆಲ್ ದರ ಏರಿ ಬಾಡಿಗೆಯೂ ಬದಲಾಯಿತೆಂದರೆ ವೆಚ್ಚದ ಸಾಲಿನ ಗುಣಕಗಳು ಋಣವಾಗಿಬಿಡಬಹುದು. ಆಗ ಡ್ಯುಯಲ್ ವಿಧಾನ ನಿಲ್ಲಲು ನೆಲವೇ ಇರುವುದಿಲ್ಲ. ಹಳೆಯ ಬಾಡಿಗೆಯಲ್ಲೇ ಮೊದಲು ಡ್ಯುಯಲ್ ಹೆಜ್ಜೆಗಳಿಂದ ಮಿತಿಯನ್ನು ಪಾಲಿಸಿ, ಆಮೇಲೆ ಹೊಸ ಬಾಡಿಗೆಯನ್ನು ಹಾಕಿ ಸಾಮಾನ್ಯ ಸಿಂಪ್ಲೆಕ್ಸ್‌ನಿಂದ ವೆಚ್ಚ ಇಳಿಸುವುದು ಆಗ ಹಿಡಿಯಬೇಕಾದ ಕ್ರಮ.

ಹೊಸ ಸಾಲು ಬಂದಾಗ ಡ್ಯುಯಲ್, ಹೊಸ ಕಂಬ ಬಂದಾಗ ಸಾಮಾನ್ಯ ಸಿಂಪ್ಲೆಕ್ಸ್ ಎಂದು ಇದನ್ನು ಹೇಳಬಹುದು. ಕಂಬವೆಂದರೆ ಹೊಸ ಚರ, ಎಂದರೆ ಹೊಸ ದಾರಿ. ಲೆಕ್ಕದಿಂದ ಹೊರಗಿಟ್ಟಿದ್ದ ಹಿಂದೂಪುರದ ದಾರಿಯನ್ನು ಈಗ ಒಳಗೆ ತರಬಹುದು. ಗೌರಿಬಿದನೂರಿನಿಂದ ಆ ಕಡೆಯಿಂದ ಪಾವಗಡಕ್ಕೆ ಒಂದು ಟನ್ ಕಳಿಸಿದರೆ ಮಧುಗಿರಿ ರಸ್ತೆಯ 700 ರೂಪಾಯಿ ಬಾಡಿಗೆ ತಪ್ಪುತ್ತದೆ, ಆ ರಸ್ತೆಯಲ್ಲಿ ಒಂದು ಟನ್ನಿನ ಜಾಗ ತೆರವಾಗಿ 170 ರೂಪಾಯಿಯೂ ಉಳಿಯುತ್ತದೆ. ರಸ್ತೆಯ ಮಿತಿ 400 ಟನ್ ಇರುವಷ್ಟು ಕಾಲ ಹಿಂದೂಪುರದ ದಾರಿಗೆ ಟನ್ನಿಗೆ 870 ರೂಪಾಯಿಗಿಂತ ಕಡಿಮೆ ಬಾಡಿಗೆ ಒಪ್ಪುವ ಲಾರಿ ಮಾಲೀಕರು ಸಿಕ್ಕರೆ ಆ ದಾರಿ ಲಾಭದ್ದು, ಅದಕ್ಕಿಂತ ಹೆಚ್ಚು ಕೇಳಿದರೆ ನಷ್ಟದ್ದು.